ಫೈನಲ್ ರೌಂಡ್ ಆದ್ಮೇಲೆ ರಿಜೆಕ್ಟ್ ಆಯ್ತು, ರಿಕ್ರೂಟರ್‌ಗೆ ಏನಂತ ರಿಪ್ಲೈ ಮಾಡ್ಲಿ? ಫೀಡ್‌ಬ್ಯಾಕ್ ಕೇಳಿದ್ರೆ ತಪ್ಪಾಗುತ್ತಾ?

ನವಿಲುಗರಿ

ಎಲ್ರಿಗೂ ನಮಸ್ಕಾರ. ಸೀನಿಯರ್ ಡೇಟಾ ಅನಲಿಸ್ಟ್ ಕೆಲ್ಸಕ್ಕೆ ಒಂದು ಕಂಪನೀಲಿ ಇಂಟರ್‌ವ್ಯೂ ನಡೀತಿತ್ತು. ಮೊದ್ಲು ರಿಕ್ರೂಟರ್ ಕಾಲ್, ಆಮೇಲೆ ಎಸ್‌ಕ್ಯೂಎಲ್ ಟೆಸ್ಟ್, ಆಮೇಲೆ ಹೈರಿಂಗ್ ಮ್ಯಾನೇಜರ್ ಜೊತೆ ಮಾತು, ಕೊನೇಲಿ ನಾಲ್ಕು ಜನದ ಪ್ಯಾನೆಲ್. ಪ್ಯಾನೆಲ್‌ಗೆ ಮುಂಚೆ ಒಂದು ಡೇಟಾ ಫೈಲ್ ಕೊಟ್ಟು, ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡೋರು ಯಾಕೆ ಜಾಸ್ತಿ ಆಗ್ತಿದಾರೆ ಅಂತ ನೋಡಿ ಪ್ರೆಸೆಂಟ್ ಮಾಡಿ ಅಂದಿದ್ರು. ಪ್ರೆಸೆಂಟೇಷನ್ ಚೆನ್ನಾಗೇ ಹೋಯ್ತು ಅನ್ನಿಸಿತ್ತು, ಎಲ್ರೂ ತಲೆ ಆಡಿಸ್ತಿದ್ರು, ಒಬ್ರಂತೂ ಟೀಮ್ ಬಗ್ಗೆ ಎಲ್ಲಾ ಹೇಳ್ತಾ ಕೂತ್ರು.

ನಿನ್ನೆ ಸಂಜೆ ಮೇಲ್ ಬಂತು. "ನಿಮ್ಮ ಸಮಯಕ್ಕೆ ಧನ್ಯವಾದ, ಈ ಹುದ್ದೆಗೆ ಇನ್ನೂ ಹೆಚ್ಚು ಹೊಂದುವ ಅಭ್ಯರ್ಥಿಯ ಜೊತೆ ಮುಂದುವರಿಯಲು ನಿರ್ಧರಿಸಿದ್ದೇವೆ" ಅಂತ ಮೂರು ಸಾಲು, ಅಷ್ಟೇ. ಮೊದ್ಲನೇ ರೌಂಡಲ್ಲೇ ಬಿಟ್ಟಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ರಾತ್ರಿ ಕೂತು ಒಂದು ರಿಪ್ಲೈ ಬರ್ದಿದೀನಿ, ಇನ್ನೂ ಕಳಿಸಿಲ್ಲ. ಮೇಲ್ ಇಂಗ್ಲಿಷಲ್ಲೇ ಹೋಗೋದು, ಇಲ್ಲಿ ಕನ್ನಡದಲ್ಲಿ ಹಾಕ್ತಿದೀನಿ:

"ನಿಮ್ಮ ನಿರ್ಧಾರ ಕೇಳಿ ನಿಜಕ್ಕೂ ಆಶ್ಚರ್ಯ ಮತ್ತು ನಿರಾಸೆ ಆಯಿತು. ಪ್ರತಿ ಸುತ್ತಿನಲ್ಲೂ ನನಗೆ ಸಿಕ್ಕ ಪ್ರತಿಕ್ರಿಯೆ ತುಂಬಾ ಸಕಾರಾತ್ಮಕವಾಗಿತ್ತು. ನಾನು ಎಲ್ಲಿ ಕಡಿಮೆ ಬಿದ್ದೆ ಎಂದು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಒಂದು ವೇಳೆ ಪ್ಯಾನೆಲ್‌ಗೆ ನನ್ನ ಅನುಭವದ ಬಗ್ಗೆ ಸಂದೇಹ ಇದ್ದರೆ, ನಾನು ಈ ಹಿಂದೆ ಮಾಡಿದ ಎರಡು ಪ್ರಾಜೆಕ್ಟ್‌ಗಳ ವಿವರ ಲಗತ್ತಿಸಿದ್ದೇನೆ. ಮತ್ತೊಮ್ಮೆ ಪರಿಗಣಿಸಲು ವಿನಂತಿ."

ಇದು ಸರಿ ಇದ್ಯಾ? ಫೀಡ್‌ಬ್ಯಾಕ್ ಕೇಳೋದೇ ಬೇಡ್ವಾ? ಇನ್ನೊಂದು, ಹೈರಿಂಗ್ ಮ್ಯಾನೇಜರ್‌ಗೂ ಲಿಂಕ್ಡ್‌ಇನ್‌ನಲ್ಲಿ ಬೇರೆ ಮೆಸೇಜ್ ಹಾಕ್ಲಾ?

---

ಕಾಡುಮಲ್ಲಿಗೆ

ಬೇಜಾರಾಗುತ್ತೆ ಕಣ್ರೀ, ಫೈನಲ್‌ವರೆಗೂ ಹೋಗಿ ವಾಪಸ್ ಬರೋದು ಕಷ್ಟ. ಆದ್ರೆ ಈ ಮೇಲ್ ಮಾತ್ರ ಕಳಿಸ್ಬೇಡಿ. "ಥ್ಯಾಂಕ್ಯೂ" ಅಂತ ಒಂದೇ ಸಾಲು ಹಾಕಿ ಬಿಟ್ಬಿಡಿ. ಫೀಡ್‌ಬ್ಯಾಕ್ ಯಾವ ಕಂಪನೀನೂ ಕೊಡಲ್ಲ, ಬರವಣಿಗೇಲಿ ಏನಾದ್ರೂ ಕೊಟ್ರೆ ನಾಳೆ ಕೇಸ್ ಹಾಕ್ತಾರೆ ಅಂತ ಅವ್ರ ಲೀಗಲ್ ಟೀಮ್ ಎಚ್‌ಆರ್‌ಗೆ ಹೇಳಿರುತ್ತೆ. ಕೇಳೋದೇ ವೇಸ್ಟ್.

---

ಹೊಂಗೆನೆರಳು

ನಾನು ಬಹಳ ವರ್ಷದಿಂದ ರಿಕ್ರೂಟ್‌ಮೆಂಟಲ್ಲೇ ಇದೀನಿ, ಆ ಕಡೆಯಿಂದ ಹೆಂಗೆ ಕಾಣುತ್ತೆ ಅಂತ ಹೇಳ್ತೀನಿ.

@ಕಾಡುಮಲ್ಲಿಗೆ ಹೇಳಿದ್ರಲ್ಲಿ ಅರ್ಧ ನಿಜ ಇದೆ. ಬರ್ದು ಕೊಡೋಕೆ ಹಿಂಜರಿತಾರೆ, ಹೌದು. ಆದ್ರೆ ಫೈನಲ್‌ವರೆಗೂ ಬಂದವರಿಗೆ ಫೋನಲ್ಲಿ ಹತ್ತು ನಿಮಿಷ ಮಾತಾಡೋಕೆ ಒಪ್ಪೋ ರಿಕ್ರೂಟರ್‌ಗಳು ಇದಾರೆ, ನಾನೇ ಮಾಡ್ತೀನಿ. ಅದು ಸಿಗೋದು ಬಿಡೋದು ನೀವು ಹೆಂಗೆ ಕೇಳ್ತೀರ ಅನ್ನೋದ್ರ ಮೇಲಿದೆ.

ಮೊದ್ಲು ಒಂದು ವಿಷಯ ಗೊತ್ತಿರ್ಲಿ. ರಿಕ್ರೂಟರ್ ನಿಮ್ಮ ಪ್ಯಾನೆಲ್ ರೂಮಲ್ಲಿ ಇರ್ಲೇ ಇಲ್ಲ. ಪ್ಯಾನೆಲ್ ಮುಗಿದ್ಮೇಲೆ ಪ್ರತಿಯೊಬ್ರೂ ಸಿಸ್ಟಮ್‌ನಲ್ಲಿ ತಮ್ಮ ಸ್ಕೋರ್‌ಕಾರ್ಡ್ ತುಂಬ್ತಾರೆ, ಒಂದೊಂದು ಸ್ಕಿಲ್‌ಗೂ ರೇಟಿಂಗ್, ಕೆಳಗೆ ನಾಲ್ಕು ಸಾಲು ನೋಟ್ಸ್, ಕೊನೇಲಿ ತಗೊಳ್ಳೋದಾ ಬೇಡ್ವಾ ಅಂತ. ಆಮೇಲೆ ಎಲ್ರೂ ಸೇರಿ ಡಿಬ್ರೀಫ್ ಮಾಡ್ತಾರೆ, ಅರ್ಧ ಗಂಟೆ ಅಂದ್ಕೊಳ್ಳಿ. ರಿಕ್ರೂಟರ್ ಕೈಲಿ ಇರೋದು ಆ ನೋಟ್ಸ್ ಮತ್ತೆ ಡಿಬ್ರೀಫಲ್ಲಿ ಕಿವಿಗೆ ಬಿದ್ದದ್ದು ಮಾತ್ರ. ಅದಕ್ಕೇ "ನಾನು ಎಲ್ಲಿ ಕಡಿಮೆ ಬಿದ್ದೆ, ವಿವರವಾಗಿ ಹೇಳಿ" ಅಂದ್ರೆ ಅವ್ರಿಗೆ ಕಷ್ಟ. ಅಷ್ಟು ವಿವರ ಇಲ್ಲ, ಇದ್ದದ್ದನ್ನ ಬರೀಬೇಕಾದ್ರೆ ಒಂದೊಂದು ಪದಾನೂ ತೂಗಿ ಬರೀಬೇಕು, ಅಷ್ಟೊತ್ತಿಗೆ ಬೇರೆ ಹುದ್ದೆಗಳ ಕೆಲ್ಸ ಕಾಯ್ತಿರುತ್ತೆ. ಆಗ ರೆಡಿ ಇರೋ ಟೆಂಪ್ಲೇಟ್ ಉತ್ರ ಅಂಟಿಸ್ತಾರೆ.

ಈಗ ನಿಮ್ಮ ಡ್ರಾಫ್ಟ್. "ಆಶ್ಚರ್ಯ ಆಯಿತು" ಅನ್ನೋದನ್ನ ಆ ಕಡೆಯವರು "ನಿಮ್ಮ ನಿರ್ಧಾರ ತಪ್ಪು" ಅಂತಲೇ ಓದ್ತಾರೆ. "ಪ್ರತಿ ಸುತ್ತಿನಲ್ಲೂ ಸಕಾರಾತ್ಮಕ" ಅನ್ನೋದು ವಾದದ ಶುರು, ಇಂಟರ್‌ವ್ಯೂ ಮಾಡೋರಿಗೆ ಎಲ್ರ ಜೊತೆನೂ ನಗ್ತಾ ಮಾತಾಡಿ ಅಂತ ಟ್ರೈನಿಂಗೇ ಕೊಟ್ಟಿರ್ತಾರೆ, ತಲೆ ಆಡಿಸಿದ್ದನ್ನ ಲೆಕ್ಕಕ್ಕೆ ಹಿಡೀಬೇಡಿ. ಇನ್ನು ಪ್ರಾಜೆಕ್ಟ್ ಅಟ್ಯಾಚ್ ಮಾಡಿ ಮತ್ತೊಮ್ಮೆ ಪರಿಗಣಿಸಿ ಅನ್ನೋದು. ಡಿಬ್ರೀಫ್ ಮುಗಿದು ಇನ್ನೊಬ್ರಿಗೆ ಆಫರ್ ಹೋಗಿರುವಾಗ ಹೊಸ ಕಾಗದ ನೋಡಿ ನಿರ್ಧಾರ ಬದಲಾಗಿದ್ದನ್ನ ನಾನು ಕಂಡಿಲ್ಲ. ನಿಮ್ಮ ಹೆಸರು ಅವ್ರ ಸಿಸ್ಟಮ್‌ನಲ್ಲಿ ಉಳಿಯುತ್ತೆ, ಈ ಮೇಲ್ ಕೂಡ ಅದ್ರ ಜೊತೆಗೇ ಸೇರ್ಕೊಳ್ಳುತ್ತೆ. ಮುಂದಿನ ವರ್ಷ ನೀವು ಅಪ್ಲೈ ಮಾಡಿದಾಗ ಬೇರೆ ರಿಕ್ರೂಟರ್ ತೆಗೆದು ಓದ್ತಾರೆ.

ಪ್ಯಾನೆಲಲ್ಲಿ ಯಾರ್ಯಾರಿದ್ರು, ಯಾವ ಜಾಗದಲ್ಲಿ ನಿಮಗೇ ಸ್ವಲ್ಪ ತಡವರಿಸಿದ ಹಾಗೆ ಅನ್ನಿಸ್ತು, ಹೇಳಿ. ಕೇಳೋ ಪ್ರಶ್ನೆ ಅಲ್ಲಿಂದ ಹುಟ್ಬೇಕು.

---

ದೂರದಬೆಟ್ಟ

ನಂದೂ ಇದೇ ಕತೆ. ಫೈನಲ್ ಆಗಿ ಎರಡು ವಾರದ ಮೇಲಾಯ್ತು, ಹೂಂ ಅಂತಾನೂ ಇಲ್ಲ ಉಹೂಂ ಅಂತಾನೂ ಇಲ್ಲ. ಎರಡು ಸಲ ಮೇಲ್ ಹಾಕ್ದೆ. ನಾನೂ ಥ್ಯಾಂಕ್ಯೂ ಮೇಲ್ ಬರ್ದು ಫೀಡ್‌ಬ್ಯಾಕ್ ಕೇಳ್ಬಿಡ್ಲಾ?

---

ಹೊಂಗೆನೆರಳು

@ದೂರದಬೆಟ್ಟ ನಿಮ್ದು ಬೇರೆ ಕೇಸ್. ನಿಮಗಿನ್ನೂ ರಿಜೆಕ್ಷನ್ನೇ ಬಂದಿಲ್ಲ, ಈಗ ಫೀಡ್‌ಬ್ಯಾಕ್ ಕೇಳಿದ್ರೆ ನೀವೇ ಬಾಗಿಲು ಹಾಕ್ಕೊಂಡ ಹಾಗೆ. ಮೊದ್ಲನೇ ಆಯ್ಕೆಯವರಿಗೆ ಆಫರ್ ಕೊಟ್ಟು ಅವ್ರು ಸೈನ್ ಮಾಡೋವರೆಗೂ ಎರಡನೆಯವರಿಗೆ ಏನೂ ಹೇಳ್ದೆ ಇಟ್ಕೊಳ್ಳೋದು ಮಾಮೂಲಿ. ಬಜೆಟ್ ಅಪ್ರೂವಲ್ ನಿಂತಿರೋದೂ ಇರ್ಬಹುದು. "ನಿರ್ಧಾರ ಯಾವಾಗ ಆಗ್ಬಹುದು, ನನಗೆ ಆಸಕ್ತಿ ಇನ್ನೂ ಇದೆ" ಅಂತ ಒಂದು ಸಲ ಕೇಳಿ, ಬೇರೆ ಕಡೆ ಹುಡುಕೋದು ಮಾತ್ರ ನಿಲ್ಲಿಸ್ಬೇಡಿ. ಇನ್ನೂ ಡೌಟ್ ಇದ್ರೆ ಬೇರೆ ಥ್ರೆಡ್ ಹಾಕಿ, ಇಲ್ಲಿ ಎರಡೂ ಕಲಸಿ ಹೋಗುತ್ತೆ.

---

ನವಿಲುಗರಿ

ತುಂಬಾ ಥ್ಯಾಂಕ್ಸ್ ಹೊಂಗೆನೆರಳು ಅವ್ರೇ. ಪ್ಯಾನೆಲಲ್ಲಿ ಹೈರಿಂಗ್ ಮ್ಯಾನೇಜರ್, ಒಬ್ಬ ಸೀನಿಯರ್ ಅನಲಿಸ್ಟ್, ಒಬ್ರು ಪ್ರಾಡಕ್ಟ್ ಮ್ಯಾನೇಜರ್, ಕಸ್ಟಮರ್ ಸಪೋರ್ಟ್ ನೋಡ್ಕೊಳ್ಳೋ ಒಬ್ರು ಇದ್ರು. ತಿಂಗಳ ಕ್ಯಾನ್ಸಲೇಷನ್ 4 ಪರ್ಸೆಂಟಿಂದ 6ಕ್ಕೆ ಏರಿತ್ತು. ಒಡೆದು ನೋಡಿದ್ರೆ ಹಳೇ ಗ್ರಾಹಕರು ಹಂಗೇ ಇದ್ರು, ಡಿಸ್ಕೌಂಟ್ ಆಫರಲ್ಲಿ ಸೇರಿದವರು ಮಾತ್ರ ಆಫರ್ ಮುಗಿದ ತಕ್ಷಣ ಬಿಟ್ಟು ಹೋಗ್ತಿದ್ರು. ಅದನ್ನ ತೋರಿಸ್ದೆ, ಅನಲಿಸ್ಟ್ ಅವ್ರಿಗೆ ಇಷ್ಟ ಆಯ್ತು ಅನ್ಸುತ್ತೆ.

ಕೊನೇ ಸ್ಲೈಡಲ್ಲಿ ಮೂರು ದಾರಿ ಹಾಕಿದ್ದೆ: ಡಿಸ್ಕೌಂಟನ್ನ ಒಂದೇ ಸಲ ತೆಗೀದೆ ನಿಧಾನಕ್ಕೆ ಇಳಿಸೋದು, ಆಫರ್ ಮುಗಿಯೋಕೆ ಮುಂಚೆ ರಿಮೈಂಡರ್ ಕಳಿಸೋದು, ಸೇರಿದ ಮೊದಲ ವಾರದಲ್ಲೇ ಫೀಚರ್‌ಗಳನ್ನ ಪರಿಚಯ ಮಾಡಿಸೋದು. ಪ್ರಾಡಕ್ಟ್ ಮ್ಯಾನೇಜರ್ "ಇದ್ರಲ್ಲಿ ಮುಂದಿನ ತಿಂಗಳು ಒಂದೇ ಮಾಡೋಕಾಗೋದು, ಯಾವ್ದು ಮಾಡ್ಲಿ?" ಅಂತ ಕೇಳಿದ್ರು. ಇನ್ನೂ ಡೇಟಾ ಬೇಕಾಗುತ್ತೆ, ಟೆಸ್ಟ್ ಮಾಡಿ ನೋಡ್ಬೇಕು ಅಂದೆ. ಅವ್ರು ಇನ್ನೊಂದು ಸಲ ಅದನ್ನೇ ಬೇರೆ ಥರ ಕೇಳಿದ್ರು. ನಂಗೆ ಅಲ್ಲೇ ಸ್ವಲ್ಪ ಅನುಮಾನ ಬಂತು.

---

ಹೊಂಗೆನೆರಳು

ಒಂದೇ ಪ್ರಶ್ನೆ ಎರಡು ಸಲ ಬಂದ್ರೆ ಅದು ಸ್ಕೋರ್‌ಕಾರ್ಡಿಗೆ ಹೋಗಿರೋ ಸಾಧ್ಯತೆ ಜಾಸ್ತಿ. ಖಚಿತ ಅಂತ ಹೇಳಲ್ಲ, ಆದ್ರೆ ಕೇಳೋಕೆ ಒಳ್ಳೇ ಜಾಗ.

ಕೇಳೋ ರೀತಿ ಹೀಗಿರ್ಲಿ: "ಯಾಕೆ ತಗೊಳ್ಳಿಲ್ಲ" ಅಂತ ಕೇಳ್ಬೇಡಿ, ನಿಮ್ಮ ಅಂದಾಜನ್ನೇ ಮುಂದಿಟ್ಟು ಇದಾ ಅದಾ ಅಂತ ಕೇಳಿ. "ಅನಾಲಿಸಿಸ್ ಭಾಗ ಗಟ್ಟಿಯಾಗಬೇಕಿತ್ತಾ, ಇಲ್ಲ ಕೊನೆಗೆ ಒಂದು ಶಿಫಾರಸಿಗೆ ಬರೋದ್ರಲ್ಲಿ ಕೊರತೆ ಇತ್ತಾ?" ಹಿಂಗೆ ಕೇಳಿದ್ರೆ ರಿಕ್ರೂಟರ್ ನೋಟ್ಸ್ ನೋಡಿ "ಎರಡನೇದು" ಅಂತ ಒಂದೇ ಪದ ಬರೆದ್ರೂ ನಿಮಗೆ ಸಾಕು. "ಯಾಕೆ" ಅಂದ್ರೆ ನಿರ್ಧಾರಕ್ಕೆ ಸಮರ್ಥನೆ ಕೇಳ್ದ ಹಾಗೆ, ಅಲ್ಲೇ ಲೀಗಲ್ ಭಯ ಬರೋದು. ನಿಮ್ಮ ಕೆಲ್ಸದ ಒಂದು ಭಾಗದ ಬಗ್ಗೆ ಕೇಳಿದ್ರೆ ಆ ಭಯ ಕಮ್ಮಿ.

ಫೋನಿಗೂ ಜಾಗ ಇಡಿ, ಒತ್ತಾಯ ಮಾಡ್ದೆ. ಅವ್ರು ಕಳಿಸಿದ ಮೇಲ್‌ಗೇ ರಿಪ್ಲೈ ಮಾಡಿ, ಹೊಸ ಸಬ್ಜೆಕ್ಟ್ ಹಾಕ್ಬೇಡಿ, ಹಳೇದೆಲ್ಲ ಒಂದೇ ಕಡೆ ಇರುತ್ತೆ. ಒಂದೆರಡು ದಿನದೊಳಗೆ ಹೋಗ್ಲಿ, ಆಮೇಲೆ ಅವ್ರ ನೆನಪೂ ಮಸುಕಾಗುತ್ತೆ. ಬಂದಿದ್ದು ನೋ-ರಿಪ್ಲೈ ಅಡ್ರೆಸ್ಸಿಂದ ಆಗಿದ್ರೆ, ಮುಂಚೆ ನಿಮ್ಮ ಜೊತೆ ಮಾತಾಡಿದ ರಿಕ್ರೂಟರ್‌ನ ಹಳೇ ಮೇಲ್‌ಗೆ ರಿಪ್ಲೈ ಹಾಕಿ.

---

ಏಕತಾರಿ

ಇಷ್ಟೆಲ್ಲಾ ಯಾಕೆ ಬೇಡ್ಕೋಬೇಕು? ಯುರೋಪಲ್ಲಿ ಜಿಡಿಪಿಆರ್ ಕಾನೂನಿದೆ, ಕಂಪನಿ ಫೀಡ್‌ಬ್ಯಾಕ್ ಕೊಡ್ಲೇಬೇಕು. ಒಂದು ಮೇಲ್ ಹಾಕಿದ್ರೆ ಎಲ್ಲಾ ನೋಟ್ಸೂ ಕಳಿಸ್ತಾರೆ.

---

ಕಲ್ಲುಸಕ್ಕರೆ

@ಏಕತಾರಿ ನನ್ನ ಕೆಲ್ಸವೇ ಡೇಟಾ ಪ್ರೈವೆಸಿ, ಅದಕ್ಕೇ ಹೇಳ್ತಿದೀನಿ, ನೀವು ಹೇಳಿದ್ದು ಅಷ್ಟು ಸರಿ ಇಲ್ಲ. ಆರ್ಟಿಕಲ್ 15 ಪ್ರಕಾರ ನಿಮ್ಮ ಬಗ್ಗೆ ಅವ್ರ ಹತ್ರ ಇರೋ ವೈಯಕ್ತಿಕ ಮಾಹಿತಿಯ ಪ್ರತಿ ಕೇಳೋ ಹಕ್ಕಿದೆ. 2017ರಲ್ಲಿ ಯುರೋಪಿನ ನ್ಯಾಯಾಲಯ ನೊವಾಕ್ ಅನ್ನೋ ಕೇಸಲ್ಲಿ, ಪರೀಕ್ಷೆ ಬರೆದವರ ಉತ್ತರ ಮತ್ತೆ ಅದ್ರ ಮೇಲೆ ಪರೀಕ್ಷಕರು ಹಾಕಿದ ಟಿಪ್ಪಣಿ ಕೂಡ ಅಭ್ಯರ್ಥಿಯ ವೈಯಕ್ತಿಕ ಮಾಹಿತಿನೇ ಅಂತ ಹೇಳ್ತು. ಅದನ್ನಿಟ್ಕೊಂಡು ಇಂಟರ್‌ವ್ಯೂ ನೋಟ್ಸ್ ಕೇಳ್ಬಹುದು. ಆದ್ರೆ ಅವ್ರು ಇರೋ ಮಾಹಿತಿ ಕೊಡ್ಬೇಕೇ ಹೊರತು, ಕೂತು ನಿಮಗೆ ಫೀಡ್‌ಬ್ಯಾಕ್ ಬರ್ದು ಕೊಡ್ಬೇಕು ಅಂತ ಎಲ್ಲೂ ಇಲ್ಲ. ಉತ್ತರಕ್ಕೆ ಒಂದು ತಿಂಗಳು ಟೈಮ್, ಜಟಿಲ ಇದ್ರೆ ಇನ್ನೆರಡು ತಿಂಗಳು ವಿಸ್ತರಿಸ್ಬಹುದು, ಬೇರೆಯವರ ವಿವರ ಇದ್ರೆ ಅಳಿಸಿ ಕೊಡ್ತಾರೆ. ಕಂಪನಿ ಆ ಕಾನೂನಿನ ವ್ಯಾಪ್ತೀಲಿ ಇರ್ಬೇಕು ಅನ್ನೋದು ಬೇರೆ.

ತಾರತಮ್ಯ ಆಗಿದೆ ಅಂತ ಗಟ್ಟಿ ಅನುಮಾನ ಇದ್ರೆ ಆ ದಾರಿ ಸರಿ. ಕಲಿಯೋಕೆ ಅಂತ ಕೇಳೋರಿಗೆ ಅಲ್ಲ, ಯಾಕಂದ್ರೆ ಅಂಥ ಮೇಲ್ ಹೋದ ಕ್ಷಣವೇ ಅದು ರಿಕ್ರೂಟರ್ ಕೈ ತಪ್ಪಿ ಲೀಗಲ್‌ಗೆ ಹೋಗುತ್ತೆ, ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಇರಲ್ಲ.

---

ಏಕತಾರಿ

ಸರಿ, ಅಷ್ಟು ವಿವರ ಗೊತ್ತಿರ್ಲಿಲ್ಲ. ಆದ್ರೂ ನಮ್ಮ ಬಗ್ಗೆ ಬರೆದದ್ದನ್ನ ನಾವೇ ಬೇಡಿ ಓದ್ಬೇಕು ಅನ್ನೋದು ನ್ಯಾಯ ಅಲ್ಲ ಅಂತ ನಾನು ಈಗ್ಲೂ ಹೇಳ್ತೀನಿ. ವಾರಗಟ್ಲೆ ಕೂತು ಅವ್ರ ಡೇಟಾ ಮೇಲೆ ಕೆಲ್ಸ ಮಾಡಿಸ್ಕೊಂಡು ಮೂರು ಸಾಲಲ್ಲಿ ಮುಗಿಸೋದು ಸರಿ ಅಲ್ಲ.

---

ನವಿಲುಗರಿ

ಹೊಸ ಡ್ರಾಫ್ಟ್ ನೋಡಿ:

"ನಮಸ್ಕಾರ. ನಿರ್ಧಾರ ತಿಳಿಸಿದ್ದಕ್ಕೆ, ಇಡೀ ಪ್ರಕ್ರಿಯೆಯಲ್ಲಿ ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ತಿಳಿಸುತ್ತಾ ಬಂದಿದ್ದಕ್ಕೆ ಧನ್ಯವಾದ. ಈ ಕೆಲಸ ಸಿಗಲಿಲ್ಲ ಎಂಬ ನಿರಾಸೆ ಇದೆ, ಆದರೆ ಪ್ಯಾನೆಲ್ ಜೊತೆ ಕ್ಯಾನ್ಸಲೇಷನ್ ಡೇಟಾ ಕುರಿತು ನಡೆದ ಚರ್ಚೆ ನನಗೆ ಇಷ್ಟವಾಯಿತು.

ಸಾಧ್ಯವಾದರೆ ಒಂದು ವಿಷಯ ತಿಳಿಯುವ ಆಸೆ. ನನ್ನ ಪ್ರೆಸೆಂಟೇಷನ್‌ನಲ್ಲಿ ಅನಾಲಿಸಿಸ್ ಭಾಗ ಇನ್ನೂ ಗಟ್ಟಿಯಾಗಬೇಕಿತ್ತೇ, ಅಥವಾ ಕೊನೆಗೆ ಒಂದು ಸ್ಪಷ್ಟ ಶಿಫಾರಸಿಗೆ ಬರುವುದರಲ್ಲಿ ಕೊರತೆ ಇತ್ತೇ? ಒಂದು ಸಾಲು ಬರೆದರೂ ಸಾಕು, ಫೋನಿನಲ್ಲಿ ಐದು ನಿಮಿಷ ಸುಲಭ ಎನಿಸಿದರೆ ನಾನು ಯಾವಾಗ ಬೇಕಾದರೂ ಸಿಗುತ್ತೇನೆ. ನಿಮ್ಮ ನಿಯಮದ ಪ್ರಕಾರ ಹೇಳಲು ಆಗದಿದ್ದರೆ ಅದೂ ಅರ್ಥವಾಗುತ್ತದೆ.

ಮುಂದೆ ಈ ಟೀಮ್‌ನಲ್ಲಿ ಹೊಂದುವ ಹುದ್ದೆ ಬಂದರೆ ನನ್ನನ್ನು ನೆನಪಿಸಿಕೊಳ್ಳಿ. ಪ್ಯಾನೆಲ್‌ನಲ್ಲಿದ್ದವರಿಗೂ ನನ್ನ ಧನ್ಯವಾದ ತಿಳಿಸಿ."

---

ಹೊಂಗೆನೆರಳು

ಚೆನ್ನಾಗಿದೆ. ಒಂದೇ ಬದಲಾವಣೆ, "ಯಾವಾಗ ಬೇಕಾದರೂ" ಬದ್ಲು "ಈ ವಾರ ಸಂಜೆ 5ರ ನಂತರ" ಅಂತ ಹಾಕಿ, ಅವ್ರಿಗೆ ಟೈಮ್ ಹುಡುಕೋ ಕೆಲ್ಸ ತಪ್ಪುತ್ತೆ. ನಿರಾಸೆ ಅನ್ನೋ ಪದ ಇರ್ಲಿ, ಅದು ನಿಜ, ಮತ್ತೆ ಈ ಸಾಲಲ್ಲಿ ಅದು ಯಾರ ಮೇಲೂ ದೂರು ಹೇಳ್ತಿಲ್ಲ.

ರಿಪ್ಲೈ ಬರ್ದೇ ಇದ್ರೆ ಒಂದು ವಾರ ಬಿಟ್ಟು ಎರಡು ಸಾಲು ನೆನಪಿಸಿ, ಆಮೇಲೆ ಬಿಟ್ಬಿಡಿ.

---

ಕಾಡುಮಲ್ಲಿಗೆ

ಫೀಡ್‌ಬ್ಯಾಕನ್ನ ಬೇರೆ ಮೇಲಲ್ಲಿ ಕೇಳಿದ್ರೆ ಒಳ್ಳೇದಲ್ವಾ? ಥ್ಯಾಂಕ್ಯೂ ಜೊತೆಗೇ ಕೇಳಿದ್ರೆ, ಕೇಳೋಕೋಸ್ಕರ ಥ್ಯಾಂಕ್ಯೂ ಹೇಳಿದ ಹಾಗಾಗಲ್ವಾ? ನನ್ನ ಮನಸ್ಸಿಗೆ ಅದು ಸರಿ ಕಾಣ್ತಿಲ್ಲ.

---

ಹೊಂಗೆನೆರಳು

ನನ್ನ ಅಭ್ಯಾಸದಲ್ಲಿ ಒಂದೇ ಮೇಲ್ ಓದೋಕೆ ಸುಲಭ. ಎರಡನೇ ಮೇಲ್ ಬರೋಷ್ಟರಲ್ಲಿ ನಾನು ಆ ಹುದ್ದೆಯ ಫೈಲ್ ಮುಚ್ಚಿ ಬೇರೆಗೆ ಹೋಗಿರ್ತೀನಿ. ಆದ್ರೆ ನಮ್ಮ ಟೀಮಲ್ಲೇ ನಿಮ್ಮ ಥರ ಯೋಚಿಸೋರೂ ಇದಾರೆ, ಹಾಗೆ ಮಾಡಿದ್ರೂ ಏನೂ ಕೆಡಲ್ಲ.

---

ಬಿದಿರುಕೊಳಲು

ಹೈರಿಂಗ್ ಮ್ಯಾನೇಜರ್‌ಗೆ ಮೆಸೇಜ್ ಮಾಡೋ ವಿಷ್ಯ ಯಾರೂ ಹೇಳ್ಲಿಲ್ಲ, ನನ್ನ ಅನುಭವ ಹೇಳ್ತೀನಿ. ನಾನು ಡಿಸೈನರ್. ಒಂದು ಕಡೆ ಫೈನಲಲ್ಲಿ ರಿಜೆಕ್ಟ್ ಆದಾಗ ರಿಕ್ರೂಟರ್‌ಗೆ ಮೇಲ್ ಹಾಕಿ, ನಾಲ್ಕೈದು ದಿನ ಬಿಟ್ಟು ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ "ನಿಮ್ಮ ಜೊತೆ ಮಾತಾಡಿ ಖುಷಿ ಆಯ್ತು" ಅಂತ ಮಾತ್ರ ಬರ್ದೆ, ಏನೂ ಕೇಳ್ಲಿಲ್ಲ. ಒಂದೂವರೆ ತಿಂಗಳಾದ್ಮೇಲೆ ಅವ್ರೇ ಮೆಸೇಜ್ ಮಾಡಿದ್ರು, ತಗೊಂಡವರು ಜಾಯಿನ್ ಆಗ್ಲಿಲ್ಲ, ನಿಮಗೆ ಇನ್ನೂ ಆಸಕ್ತಿ ಇದ್ಯಾ ಅಂತ. ಈಗ ಅಲ್ಲೇ ಇದೀನಿ. ಮೆಸೇಜಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಎರಡನೇ ಜಾಗದಲ್ಲಿ ಇದ್ದೆ ಅಂತ ಆಮೇಲೆ ಗೊತ್ತಾಯ್ತು.

---

ಹೊಂಗೆನೆರಳು

ಏನೂ ಕೇಳ್ದೆ ಬರೆದದ್ದೇ ಸರಿಯಾಯ್ತು. ನನಗೆ ಒಪ್ಪಿಗೆ ಆಗದೇ ಇರೋದು ಯಾವ್ದು ಅಂದ್ರೆ, ರಿಕ್ರೂಟರ್ ಹತ್ರ ಕೇಳಿದ ಪ್ರಶ್ನೆಯನ್ನೇ ಅದೇ ರಾತ್ರಿ ಮ್ಯಾನೇಜರ್‌ಗೂ, ಪ್ಯಾನೆಲ್‌ನವರಿಗೂ ಕಳಿಸೋದು. ಅವ್ರೆಲ್ಲ ಆ ಮೆಸೇಜ್‌ಗಳನ್ನ ರಿಕ್ರೂಟರ್‌ಗೇ ಫಾರ್ವರ್ಡ್ ಮಾಡ್ತಾರೆ.

---

ನವಿಲುಗರಿ

ಅಪ್‌ಡೇಟ್. ಮೇಲ್ ಕಳಿಸಿದ ಮಾರನೇ ದಿನ "ನಾಳೆ 5:30ಕ್ಕೆ ಕಾಲ್ ಮಾಡ್ಲಾ" ಅಂತ ರಿಪ್ಲೈ ಬಂತು. ಈಗಷ್ಟೇ ಮಾತು ಮುಗೀತು.

ಎಸ್‌ಕ್ಯೂಎಲ್, ಅನಾಲಿಸಿಸ್ ಎರಡ್ರಲ್ಲೂ ಒಳ್ಳೇ ಅಭಿಪ್ರಾಯ ಇದೆಯಂತೆ, ಡಿಸ್ಕೌಂಟ್ ಗ್ರಾಹಕರನ್ನ ಬೇರೆ ಮಾಡಿ ತೋರಿಸಿದ್ದನ್ನ ಇಬ್ರು ನೋಟ್ಸಲ್ಲಿ ಬರ್ದಿದಾರೆ. ಆದ್ರೆ ಸೀನಿಯರ್ ಹುದ್ದೆಗೆ ಮಾಹಿತಿ ಪೂರ್ತಿ ಇಲ್ದಾಗ್ಲೂ ಒಂದು ಕಡೆ ನಿಂತು "ಇದನ್ನ ಮಾಡಿ, ಯಾಕಂದ್ರೆ ಹೀಗೆ" ಅಂತ ಹೇಳೋರು ಬೇಕಿತ್ತು, ಅದು ಅಷ್ಟು ಕಾಣ್ಲಿಲ್ಲ ಅಂದ್ರು. ನಾನು ವಾದ ಮಾಡ್ಲಿಲ್ಲ, ಬರ್ಕೊಂಡೆ. "ಆ ಜಾಗದಲ್ಲಿ ಏನು ಹೇಳಿದ್ರೆ ಪ್ಯಾನೆಲ್‌ಗೆ ಸಮಾಧಾನ ಆಗ್ತಿತ್ತು" ಅಂತ ಒಂದೇ ಕೇಳ್ದೆ. ರಿಮೈಂಡರ್ ಮೊದ್ಲು ಮಾಡಿ, ಖರ್ಚು ಕಮ್ಮಿ, ಬೇಗ ಗೊತ್ತಾಗುತ್ತೆ, ಕೆಲ್ಸ ಮಾಡ್ತಿಲ್ಲ ಅಂತ ಇಂಥ ನಂಬರ್ ನೋಡಿ ತಿಳ್ಕೋಬಹುದು, ಅಷ್ಟು ಹೇಳಿದ್ರೆ ಸಾಕಿತ್ತಂತೆ, ಸರಿ ತಪ್ಪು ಆಮೇಲಿನ ಮಾತು. ಅದೇ ಹುದ್ದೆಗೆ ಮತ್ತೆ ಅಪ್ಲೈ ಮಾಡೋಕೆ ಆರು ತಿಂಗಳು ಕಾಯ್ಬೇಕು, ಬೇರೆ ಟೀಮಿನ ಹುದ್ದೆಗಾದ್ರೆ ಕಾಯೋದು ಬೇಡ ಅಂದ್ರು.

---

ಏಕತಾರಿ

ಒಳ್ಳೇದಾಯ್ತು. ಆದ್ರೆ ಇದೇ ನಿಜವಾದ ಕಾರಣ ಅಂತ ಹೆಂಗೆ ನಂಬೋದು? ಒಳಗಿನವರಿಗೇ ಕೊಡ್ಬೇಕು ಅಂತ ಮೊದ್ಲೇ ಇತ್ತೋ ಏನೋ.

---

ಹೊಂಗೆನೆರಳು

ಇರ್ಬಹುದು, ಹೊರಗಿನಿಂದ ಹೇಳೋಕಾಗಲ್ಲ. ಆದ್ರೆ ಹೇಳಿದ ಮಾತಿನ ಸ್ವರೂಪ ನೋಡಿ. "ಇನ್ನೂ ಹೊಂದುವ ಅಭ್ಯರ್ಥಿ ಸಿಕ್ರು", "ಸ್ಪರ್ಧೆ ಜಾಸ್ತಿ ಇತ್ತು" ಅನ್ನೋದು ಯಾರಿಗೆ ಬೇಕಾದ್ರೂ ಹೇಳ್ಬಹುದಾದ ಮಾತು, ಅದ್ರಿಂದ ಏನೂ ತಿಳಿಯಲ್ಲ. ಇಲ್ಲಿ ಡಿಸ್ಕೌಂಟ್ ಗ್ರಾಹಕರ ವಿಷ್ಯ ಬಂತು, ಎರಡು ಸಲ ಕೇಳಿದ ಪ್ರಶ್ನೆಯ ವಿಷ್ಯ ಬಂತು, ಅಂದ್ರೆ ಯಾರೋ ನೋಟ್ಸ್ ತೆಗೆದು ಓದಿ ಹೇಳಿದಾರೆ. ಇನ್ನೊಬ್ರಿಗೆ ಸಿಕ್ಕಿದ್ದಕ್ಕೆ ಅದೊಂದೇ ಕಾರಣ ಅಂತಲ್ಲ. ಹಾಗಂತ ಆ ಕೊರತೆ ಸುಳ್ಳಾಗಲ್ಲ.

ಒಂದು ಎಚ್ಚರಿಕೆ @ನವಿಲುಗರಿ, ಒಂದು ಪ್ಯಾನೆಲ್ ಹೇಳಿದ್ದಕ್ಕೆ ನಿಮ್ಮ ಕೆಲ್ಸದ ರೀತಿ ಪೂರ್ತಿ ತಿರುಗಿಸ್ಬೇಡಿ. ಟೆಸ್ಟ್ ಮಾಡ್ದೆ ಹೇಳಲ್ಲ ಅನ್ನೋರನ್ನೇ ಹುಡುಕೋ ಟೀಮ್‌ಗಳೂ ಇರ್ತಾವೆ. ಮುಂದಿನ ಇಂಟರ್‌ವ್ಯೂಲಿ ಪ್ಯಾನೆಲ್‌ಗೆ ಮುಂಚೆ ರಿಕ್ರೂಟರ್‌ನೇ ಕೇಳಿ, "ಕೊನೇಲಿ ಒಂದೇ ಶಿಫಾರಸು ಬೇಕಾ, ಆಯ್ಕೆಗಳನ್ನ ತೋರಿಸಿದ್ರೆ ಸಾಕಾ" ಅಂತ. ಹೇಳ್ತಾರೆ.

---

ನವಿಲುಗರಿ

ಅದನ್ನ ಕೇಳ್ಬಹುದು ಅಂತಾನೇ ತೋಚಿರ್ಲಿಲ್ಲ. ಕಾಲ್‌ಗೆ ಇನ್ನೊಂದು ಥ್ಯಾಂಕ್ಯೂ ಮೇಲ್ ಬೇಕಾ?

---

ಹೊಂಗೆನೆರಳು

ಎರಡು ಸಾಲು ಹಾಕಿ. "ಶಿಫಾರಸಿನ ಬಗ್ಗೆ ಹೇಳಿದ್ದು ಉಪಯೋಗ ಆಯ್ತು" ಅಂತ ಮಾತ್ರ ಬರೀರಿ, ಅವ್ರು ಫೋನಲ್ಲಿ ಹೇಳಿದ ವಿವರವನ್ನೆಲ್ಲ ಮೇಲಲ್ಲಿ ಮತ್ತೆ ಬರ್ದು ದಾಖಲೆ ಮಾಡ್ಬೇಡಿ. ಬರ್ದು ಕೊಡೋಕಾಗಲ್ಲ ಅಂತಲೇ ಅವ್ರು ಫೋನ್ ಮಾಡಿದ್ದು.

---

ದೂರದಬೆಟ್ಟ

ನನಗೆ ಇವತ್ತು ರಿಪ್ಲೈ ಬಂತು, ಹುದ್ದೆನೇ ಹೋಲ್ಡ್ ಮಾಡಿದಾರಂತೆ. ಹೋಲ್ಡ್ ಅಂದ್ರೆ ರಿಜೆಕ್ಟಾ, ಕಾಯ್ಬೇಕಾ? ಹೊಸ ಥ್ರೆಡ್ ಹಾಕಿದೀನಿ, ಅಲ್ಲಿ ಬನ್ನಿ ದಯವಿಟ್ಟು.